ಡ್ರಿಪ್ ಲೆಕ್ಕ ಎಲ್ಲಿ ತಪ್ಪುತ್ತದೆ: ಡೋಪಮೀನ್, ಹೆಪಾರಿನ್ ಲೆಕ್ಕಗಳ ಬಿಡಿಸಿದ ಉದಾಹರಣೆಗಳು

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷದ ವಿದ್ಯಾರ್ಥಿನಿ. ಇನ್ನು ಮೂರು ವಾರಕ್ಕೆ ಫಾರ್ಮಕಾಲಜಿ ಪರೀಕ್ಷೆ ಇದೆ, ಅದರಲ್ಲಿ ಡೋಸ್ ಲೆಕ್ಕದ ಭಾಗವೂ ಇದೆ. ಮಾತ್ರೆ, ಸಿರಪ್ ಲೆಕ್ಕ ಸರಿಯಾಗಿ ಬರುತ್ತದೆ. ಡೋಪಮೀನ್, ಹೆಪಾರಿನ್ ಇನ್‌ಫ್ಯೂಷನ್ ಬಂದರೆ ಸೂತ್ರ ಗೊತ್ತಿದ್ದೂ ಉತ್ತರ ತಪ್ಪುತ್ತದೆ, ತಪ್ಪಿದ್ದು ನನಗೆ ತಿಳಿಯುವುದೂ ಇಲ್ಲ. ಥಿಯರಿ ಬೇರೆ, ಲೆಕ್ಕ ಬೇರೆ ಎಂದು ಓದುತ್ತಿದ್ದೇನೆ, ಎರಡೂ ತಲೆಯಲ್ಲಿ ನಿಲ್ಲುತ್ತಿಲ್ಲ. ಹೇಗೆ ಅಭ್ಯಾಸ ಮಾಡಲಿ?

ಉತ್ತರ: ಮಾತ್ರೆಯ ಲೆಕ್ಕ ನಿಮಗೆ ಬರುತ್ತದೆ ಎಂದರೆ ಗುಣಾಕಾರ, ಭಾಗಾಕಾರದಲ್ಲಿ ತೊಂದರೆ ಇಲ್ಲ. ‘ಬೇಕಾದ ಡೋಸನ್ನು ಇರುವ ಡೋಸಿನಿಂದ ಭಾಗಿಸಿ, ಅದು ಕರಗಿರುವ ಪ್ರಮಾಣದಿಂದ ಗುಣಿಸಿ’ ಎಂಬ ಸೂತ್ರ ಮಾತ್ರೆಗೂ ಸಿರಪ್ಪಿಗೂ ಸಾಕಾಗುತ್ತದೆ. ಅಲ್ಲಿ ಆರ್ಡರ್ ಇರುವುದು ಮಿಲಿಗ್ರಾಂನಲ್ಲಿ, ಲೇಬಲ್ ಇರುವುದೂ ಮಿಲಿಗ್ರಾಂನಲ್ಲಿ. ಇನ್‌ಫ್ಯೂಷನ್ ಆರ್ಡರ್ ಹಾಗಿರುವುದಿಲ್ಲ. ‘ಡೋಪಮೀನ್ 5 ಮೈಕ್ರೊಗ್ರಾಂ, ಪ್ರತಿ ಕೆ.ಜಿ.ಗೆ, ಪ್ರತಿ ನಿಮಿಷಕ್ಕೆ’ ಎಂಬ ಸಾಲಿನಲ್ಲಿ ಎರಡು ‘ಪ್ರತಿ’ಗಳಿವೆ. ಸಿರಿಂಜಿನಲ್ಲಿರುವ ದ್ರಾವಣಕ್ಕೆ ಮೂರನೆಯದು, ‘ಪ್ರತಿ ಮಿ.ಲೀ.ಗೆ ಇಷ್ಟು ಮಿಲಿಗ್ರಾಂ’. ಪಂಪ್ ಕೇಳುವುದು ನಾಲ್ಕನೆಯದನ್ನು, ‘ಪ್ರತಿ ಗಂಟೆಗೆ ಎಷ್ಟು ಮಿ.ಲೀ.’ ಒಂದೊಂದು ‘ಪ್ರತಿ’ಯೂ ಲೆಕ್ಕದಲ್ಲಿ ಒಂದೊಂದು ಹೆಜ್ಜೆ. ಸೂತ್ರವನ್ನು ಬಾಯಿಪಾಠ ಮಾಡಿದವರು ಬಿಟ್ಟುಬಿಡುವುದು ಇವುಗಳಲ್ಲೇ ಒಂದನ್ನು. ಹಾಗಾಗಿ ಪ್ರಶ್ನೆ ಓದುವಾಗ ಮೊದಲು ಪೆನ್ಸಿಲ್ ಹಿಡಿದು ಪ್ರತಿಯೊಂದು ‘ಪ್ರತಿ’ಯ ಕೆಳಗೂ ಗೆರೆ ಎಳೆಯಿರಿ. ಲೆಕ್ಕ ಮುಗಿದ ಮೇಲೆ ಗೆರೆ ಎಳೆದದ್ದೆಲ್ಲ ಬಳಕೆಯಾಗಿದೆಯೇ ಎಂದು ಎಣಿಸಿ ನೋಡಿ.

ಒಂದು ಲೆಕ್ಕವನ್ನು ಪೂರ್ತಿ ಬಿಡಿಸೋಣ. ರೋಗಿಯ ತೂಕ 60 ಕೆ.ಜಿ. ಡೋಪಮೀನ್ ಪ್ರತಿ ಕೆ.ಜಿ.ಗೆ ಪ್ರತಿ ನಿಮಿಷಕ್ಕೆ 5 ಮೈಕ್ರೊಗ್ರಾಂ ಕೊಡಬೇಕು. ಕೈಯಲ್ಲಿರುವ ಆಂಪೂಲಿನಲ್ಲಿ 5 ಮಿ.ಲೀ.ಗೆ 200 ಮಿಲಿಗ್ರಾಂ ಇದೆ. ಇದನ್ನು ಸಿರಿಂಜ್ ಪಂಪಿಗಾಗಿ ಒಟ್ಟು 50 ಮಿ.ಲೀ. ದ್ರಾವಣವಾಗಿ ತಯಾರಿಸಬೇಕು. ಪಂಪನ್ನು ಗಂಟೆಗೆ ಎಷ್ಟು ಮಿ.ಲೀ.ಗೆ ಇಡಬೇಕು?

ಮೊದಲು ದ್ರಾವಣದ ಸಾಂದ್ರತೆ ನೋಡಿ, ರೋಗಿಯ ತೂಕ ಆಮೇಲೆ ಬರಲಿ. ಒಟ್ಟು 50 ಮಿ.ಲೀ. ಎಂದರೆ ಔಷಧ 5 ಮಿ.ಲೀ., ನಾರ್ಮಲ್ ಸಲೈನ್ 45 ಮಿ.ಲೀ. ಆಗ 200 ಮಿಲಿಗ್ರಾಂ 50 ಮಿ.ಲೀ.ಯಲ್ಲಿ ಹರಡಿರುತ್ತದೆ, ಅಂದರೆ ಪ್ರತಿ ಮಿ.ಲೀ.ಗೆ 4 ಮಿಲಿಗ್ರಾಂ. ಇಲ್ಲಿಯೇ ಒಂದು ತಪ್ಪು ಹೆಚ್ಚಾಗಿ ನಡೆಯುತ್ತದೆ. 50 ಮಿ.ಲೀ. ಸಲೈನ್ ಎಳೆದುಕೊಂಡು ಅದಕ್ಕೆ ಆಂಪೂಲನ್ನು ಸೇರಿಸಿದರೆ ಒಟ್ಟು 55 ಮಿ.ಲೀ. ಆಗುತ್ತದೆ. ಸಾಂದ್ರತೆ ಪ್ರತಿ ಮಿ.ಲೀ.ಗೆ ಸುಮಾರು 3.64 ಮಿಲಿಗ್ರಾಂಗೆ ಇಳಿದು, ರೋಗಿಗೆ ಶೇಕಡ 9ರಷ್ಟು ಔಷಧ ಕಡಿಮೆ ಹೋಗುತ್ತದೆ. ‘50 ಮಿ.ಲೀ.ಗೆ ಸೇರಿಸಿ’ ಮತ್ತು ‘ಒಟ್ಟು 50 ಮಿ.ಲೀ. ಆಗುವಂತೆ ಮಾಡಿ’ ಎಂಬ ಎರಡು ವಾಕ್ಯಗಳಿಗೆ ಉತ್ತರ ಬೇರೆ ಬೇರೆ ಎಂಬುದನ್ನು ಪ್ರಶ್ನೆಪತ್ರಿಕೆ ಪರೀಕ್ಷಿಸಬಹುದು.

ಆರ್ಡರ್ ಮೈಕ್ರೊಗ್ರಾಂನಲ್ಲಿದೆ, ದ್ರಾವಣ ಮಿಲಿಗ್ರಾಂನಲ್ಲಿದೆ. ಬೇರೇನೂ ಮಾಡುವ ಮೊದಲು ಎರಡನ್ನೂ ಒಂದೇ ಅಳತೆಗೆ ತನ್ನಿ. 1 ಮಿಲಿಗ್ರಾಂ ಎಂದರೆ 1000 ಮೈಕ್ರೊಗ್ರಾಂ, ಆದ್ದರಿಂದ ದ್ರಾವಣ ಪ್ರತಿ ಮಿ.ಲೀ.ಗೆ 4000 ಮೈಕ್ರೊಗ್ರಾಂ. ಈ ಪರಿವರ್ತನೆಯನ್ನು ಲೆಕ್ಕದ ಕೊನೆಗೆ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಇಂದೇ ಬಿಡಿ. ಕೊನೆಯಲ್ಲಿ ಸಾವಿರದಿಂದ ಗುಣಿಸಬೇಕೋ ಭಾಗಿಸಬೇಕೋ ಎಂಬ ಗೊಂದಲ ಹುಟ್ಟುವುದು ಅಲ್ಲಿಂದಲೇ.

ಈಗ ಆರ್ಡರಿನ ‘ಪ್ರತಿ’ಗಳನ್ನು ಒಂದೊಂದಾಗಿ ತೆಗೆಯಿರಿ.

ತೂಕ ಸೇರಿಸಿ: 5 × 60 = ನಿಮಿಷಕ್ಕೆ 300 ಮೈಕ್ರೊಗ್ರಾಂ
ನಿಮಿಷವನ್ನು ಗಂಟೆ ಮಾಡಿ: 300 × 60 = ಗಂಟೆಗೆ 18,000 ಮೈಕ್ರೊಗ್ರಾಂ
ದ್ರಾವಣಕ್ಕೆ ಬದಲಿಸಿ: 18,000 ÷ 4000 = ಗಂಟೆಗೆ 4.5 ಮಿ.ಲೀ.

ಪ್ರತಿ ಸಾಲಿನಲ್ಲೂ ಅಂಕಿಯ ಪಕ್ಕದಲ್ಲಿ ಅಳತೆ ಬರೆದಿರುವುದನ್ನು ಗಮನಿಸಿ. ಈ ಲೆಕ್ಕಕ್ಕೆ 60 ಕೆ.ಜಿ. ತೂಕವನ್ನು ಆರಿಸಿದ್ದಕ್ಕೂ ಅದೇ ಕಾರಣ. ಒಂದು 60 ತೂಕ, ಇನ್ನೊಂದು 60 ನಿಮಿಷ. ಬರೀ ಅಂಕಿಗಳನ್ನು ಸಾಲಾಗಿ ಬರೆದವರಿಗೆ ‘60 ಎರಡು ಸಲ ಬಂತಲ್ಲ, ಒಂದನ್ನು ಆಗಲೇ ಬಳಸಿದ್ದೇನೆ’ ಎನಿಸಿ ಒಂದನ್ನು ಹೊಡೆದುಹಾಕುತ್ತಾರೆ. ಆಗ ಉತ್ತರ ಗಂಟೆಗೆ 0.075 ಮಿ.ಲೀ. ಬರುತ್ತದೆ. ಅಳತೆ ಬರೆದಿದ್ದರೆ ಒಂದರ ಪಕ್ಕ ಕೆ.ಜಿ. ಇರುತ್ತದೆ, ಇನ್ನೊಂದರ ಪಕ್ಕ ನಿಮಿಷ ಇರುತ್ತದೆ, ಹೊಡೆಯಲು ಕೈ ಬರುವುದಿಲ್ಲ.

ತಪ್ಪಿದ್ದು ತಿಳಿಯುವುದೇ ಇಲ್ಲ ಎಂದಿರಿ. ತಿಳಿಯಲು ಎರಡು ದಾರಿಗಳಿವೆ, ಎರಡಕ್ಕೂ ಸೇರಿ ಒಂದು ನಿಮಿಷವೂ ಬೇಡ.

ಮೊದಲನೆಯದು, ಸಿರಿಂಜ್ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎಂದು ನೋಡುವುದು. ಗಂಟೆಗೆ 4.5 ಮಿ.ಲೀ. ಹೋದರೆ 50 ಮಿ.ಲೀ. ಸುಮಾರು 11 ಗಂಟೆ ಬರುತ್ತದೆ. ಇದು ನಂಬುವಂತಿದೆ. 0.075 ಮಿ.ಲೀ. ಆದರೆ ಅದೇ ಸಿರಿಂಜ್ 27 ದಿನಕ್ಕೂ ಮೀರಿ ನಡೆಯಬೇಕು. ರಕ್ತದೊತ್ತಡ ಕುಸಿದವರಿಗೆ ಕೊಡುವ ಔಷಧ ಹಾಗೆ ಹೋಗುವುದಿಲ್ಲ. ಮೈಕ್ರೊಗ್ರಾಂ ಪರಿವರ್ತನೆ ಮರೆತು 18,000ವನ್ನು 4ರಿಂದ ಭಾಗಿಸಿದರೆ ಗಂಟೆಗೆ 4500 ಮಿ.ಲೀ. ಬರುತ್ತದೆ, ಸಿರಿಂಜ್ 40 ಸೆಕೆಂಡಿನಲ್ಲಿ ಖಾಲಿ! ಇಂಥ ದೊಡ್ಡ ತಪ್ಪುಗಳೆಲ್ಲ ಈ ಒಂದು ಭಾಗಾಕಾರದಲ್ಲಿ ಸಿಕ್ಕಿಬೀಳುತ್ತವೆ.

ಎರಡನೆಯದು, ಉತ್ತರದಿಂದ ಹಿಂದಕ್ಕೆ ನಡೆಯುವುದು. 4.5ನ್ನು 4000ದಿಂದ ಗುಣಿಸಿದರೆ ಗಂಟೆಗೆ 18,000 ಮೈಕ್ರೊಗ್ರಾಂ, 60ರಿಂದ ಭಾಗಿಸಿದರೆ ನಿಮಿಷಕ್ಕೆ 300, ತೂಕದಿಂದ ಭಾಗಿಸಿದರೆ 5. ಆರ್ಡರ್ ಮರಳಿ ಸಿಕ್ಕಿತು. ಇದನ್ನು ಪ್ರತಿ ಲೆಕ್ಕಕ್ಕೂ ಮಾಡಿ, ಏಕೆಂದರೆ ಪರೀಕ್ಷೆಯಲ್ಲಿ ಇದೇ ಒಂದು ಸ್ವತಂತ್ರ ಪ್ರಶ್ನೆಯಾಗಿ ಬರಬಹುದು. ಉದಾಹರಣೆಗೆ, ಅದೇ ದ್ರಾವಣ 75 ಕೆ.ಜಿ. ತೂಕದ ರೋಗಿಗೆ ಗಂಟೆಗೆ 6 ಮಿ.ಲೀ.ಯಂತೆ ಹೋಗುತ್ತಿದೆ, ಸಿಗುತ್ತಿರುವ ಡೋಸ್ ಎಷ್ಟು? 6 × 4000 = 24,000. ಅದನ್ನು 60ರಿಂದ ಭಾಗಿಸಿದರೆ ನಿಮಿಷಕ್ಕೆ 400, 75ರಿಂದ ಭಾಗಿಸಿದರೆ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ ಸುಮಾರು 5.3 ಮೈಕ್ರೊಗ್ರಾಂ. ಹಿಂದಕ್ಕೆ ನಡೆದು ರೂಢಿಯಿದ್ದವರಿಗೆ ಇದು ಹೊಸ ಪ್ರಶ್ನೆಯಂತೆ ಕಾಣುವುದೇ ಇಲ್ಲ.

ಥಿಯರಿಯನ್ನು ಲೆಕ್ಕದ ಜೊತೆಗೇ ಓದಿ ಎನ್ನುವುದೂ ಇದಕ್ಕಾಗಿಯೇ. ಡೋಪಮೀನ್ ಸಾಮಾನ್ಯವಾಗಿ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 2ರಿಂದ 20 ಮೈಕ್ರೊಗ್ರಾಂ ನಡುವೆ ಇರುತ್ತದೆ ಎಂದು ಗೊತ್ತಿದ್ದರೆ, ಹಿಂದಕ್ಕೆ ನಡೆದಾಗ 300 ಬಂದ ಕೂಡಲೇ ತೂಕದಿಂದ ಭಾಗಿಸಿಲ್ಲ ಎಂದು ಹೊಳೆಯುತ್ತದೆ. ಆ ವ್ಯಾಪ್ತಿಯೊಳಗೂ ಔಷಧದ ಕೆಲಸ ಬದಲಾಗುತ್ತದೆ. ಕಡಿಮೆ ಡೋಸಿನಲ್ಲಿ ಡೋಪಮೀನ್ ಗ್ರಾಹಕಗಳ ಮೇಲೆ, ಸುಮಾರು 5ರಿಂದ 10ರವರೆಗೆ ಹೃದಯದ ಬೀಟಾ-1 ಗ್ರಾಹಕಗಳ ಮೇಲೆ, ಅದಕ್ಕೂ ಮೇಲೆ ಹೋದಂತೆ ರಕ್ತನಾಳಗಳನ್ನು ಬಿಗಿಗೊಳಿಸುವ ಆಲ್ಫಾ ಗ್ರಾಹಕಗಳ ಮೇಲೆ ಪರಿಣಾಮ ಹೆಚ್ಚುತ್ತದೆ. ಕಡಿಮೆ ಡೋಸ್ ಮೂತ್ರದ ಪ್ರಮಾಣ ಹೆಚ್ಚಿಸಬಹುದು, ಆದರೆ ಮೂತ್ರಪಿಂಡವನ್ನು ಕಾಪಾಡುತ್ತದೆ ಎಂಬ ಹಳೆಯ ನಂಬಿಕೆ ಈಗ ಒಪ್ಪಿತವಲ್ಲ.

ಇಲ್ಲಿಂದ ನರ್ಸಿಂಗ್ ಅಂಶಗಳು ತಾವಾಗಿಯೇ ಬರುತ್ತವೆ. ಬೀಟಾ-1 ಚುರುಕಾದರೆ ಹೃದಯ ಬಡಿತ ಏರುತ್ತದೆ, ಲಯ ತಪ್ಪಬಹುದು, ಹಾಗಾಗಿ ಇಸಿಜಿ ಮತ್ತು ರಕ್ತದೊತ್ತಡ ನೋಡುತ್ತಿರಬೇಕು. ಆಲ್ಫಾ ಪರಿಣಾಮದಿಂದ ರಕ್ತನಾಳ ಬಿಗಿಯುತ್ತದೆ, ಆದ್ದರಿಂದ ಔಷಧ ರಕ್ತನಾಳದ ಹೊರಗೆ ಸೋರಿದರೆ ಅಲ್ಲಿನ ಅಂಗಾಂಶ ಸಾಯಬಹುದು. ಅದಕ್ಕೇ ದೊಡ್ಡ ರಕ್ತನಾಳ, ಸಾಧ್ಯವಾದರೆ ಸೆಂಟ್ರಲ್ ಲೈನ್. ಸೋರಿದಾಗ ಆ ಜಾಗಕ್ಕೆ ಚುಚ್ಚುವ ಔಷಧ ಫೆಂಟೊಲಮೀನ್, ಅದು ಆಲ್ಫಾ ಗ್ರಾಹಕಗಳನ್ನೇ ತಡೆಯುತ್ತದೆ. ರಕ್ತನಾಳದಲ್ಲಿ ದ್ರವವೇ ಕಡಿಮೆಯಿದ್ದರೆ ಬಿಗಿಗೊಳಿಸಿ ಪ್ರಯೋಜನವಿಲ್ಲ, ಮೊದಲು ದ್ರವದ ಕೊರತೆ ತುಂಬಬೇಕು. ಸೋಡಿಯಂ ಬೈಕಾರ್ಬೊನೇಟಿನಂಥ ಕ್ಷಾರೀಯ ದ್ರಾವಣದ ಜೊತೆ ಒಂದೇ ಲೈನಿನಲ್ಲಿ ಹೋದರೆ ಡೋಪಮೀನ್ ನಿಷ್ಕ್ರಿಯವಾಗುತ್ತದೆ. ಹೀಗೆ ಒಂದು ಔಷಧಕ್ಕೆ ಒಂದು ಹಾಳೆ ಮಾಡಿ: ಮೇಲರ್ಧದಲ್ಲಿ ಬಿಡಿಸಿದ ಲೆಕ್ಕ, ಕೆಳಗೆ ಗ್ರಾಹಕ, ಅದರಿಂದ ಹೊರಡುವ ಅಡ್ಡಪರಿಣಾಮ, ಅದರಿಂದ ಹೊರಡುವ ಎಚ್ಚರಿಕೆ. ಅಡ್ಡಪರಿಣಾಮಗಳ ಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಕಾರಣದ ಜಾಡು ಹಿಡಿದದ್ದು ಹೆಚ್ಚು ದಿನ ಉಳಿಯುತ್ತದೆ.

ಹೆಪಾರಿನ್ನಿಗೆ ಬಂದರೆ ಬಲೆ ಬೇರೆ. ಡೋಪಮೀನಿನಲ್ಲಿ ‘ಪ್ರತಿ ನಿಮಿಷಕ್ಕೆ’ ಇತ್ತು, ಇಲ್ಲಿ ಆರ್ಡರ್ ‘ಪ್ರತಿ ಗಂಟೆಗೆ’ ಎಂದೇ ಬರುತ್ತದೆ. ಡೋಪಮೀನ್ ಲೆಕ್ಕಗಳನ್ನು ಸಾಲಾಗಿ ಮಾಡಿ ಬಂದವರ ಕೈ ತಾನಾಗಿಯೇ 60ರಿಂದ ಗುಣಿಸುತ್ತದೆ, ರೋಗಿಗೆ 60 ಪಟ್ಟು ರಕ್ತ ತೆಳುವಾಗಿಸುವ ಔಷಧ ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಅಭ್ಯಾಸಕ್ಕೆ ಒಂದೇ ಬಗೆಯ ಹತ್ತು ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಡಿ, ಬೇರೆ ಬೇರೆ ಔಷಧಗಳನ್ನು ಬೆರೆಸಿ ಮಾಡಿ.

ರೋಗಿಯ ತೂಕ 68 ಕೆ.ಜಿ. ಆರ್ಡರ್: ಮೊದಲು ಪ್ರತಿ ಕೆ.ಜಿ.ಗೆ 80 ಯೂನಿಟ್ ಬೋಲಸ್, ಆಮೇಲೆ ಪ್ರತಿ ಕೆ.ಜಿ.ಗೆ ಪ್ರತಿ ಗಂಟೆಗೆ 18 ಯೂನಿಟ್ ಇನ್‌ಫ್ಯೂಷನ್. ಬೋಲಸ್ಸಿಗೆ ಪ್ರತಿ ಮಿ.ಲೀ.ಗೆ 5000 ಯೂನಿಟ್ ಇರುವ ವಯಲ್ ಇದೆ. ಇನ್‌ಫ್ಯೂಷನ್ ಬ್ಯಾಗಿನಲ್ಲಿ 500 ಮಿ.ಲೀ.ಗೆ 25,000 ಯೂನಿಟ್ ಇದೆ.

ಬೋಲಸ್: 80 × 68 = 5440 ಯೂನಿಟ್; 5440 ÷ 5000 = 1.088, ಅಂದರೆ 1.1 ಮಿ.ಲೀ.
ಬ್ಯಾಗಿನ ಸಾಂದ್ರತೆ: 25,000 ÷ 500 = ಪ್ರತಿ ಮಿ.ಲೀ.ಗೆ 50 ಯೂನಿಟ್
ಇನ್‌ಫ್ಯೂಷನ್: 18 × 68 = ಗಂಟೆಗೆ 1224 ಯೂನಿಟ್; 1224 ÷ 50 = 24.48, ಅಂದರೆ ಗಂಟೆಗೆ 24.5 ಮಿ.ಲೀ.

ಹೆಪಾರಿನ್ ವಯಲ್‌ಗಳು ಪ್ರತಿ ಮಿ.ಲೀ.ಗೆ 1000 ಯೂನಿಟ್ಟಿನಲ್ಲೂ ಬರುತ್ತವೆ. ಅದರಿಂದ ಕೊಡುವುದಾದರೆ ಇದೇ ಬೋಲಸ್ 5.44 ಮಿ.ಲೀ. ಆ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು 5000ದ ವಯಲ್‌ನಿಂದ 5.44 ಮಿ.ಲೀ. ಎಳೆದರೆ ಹೋಗುವುದು 27,200 ಯೂನಿಟ್. ಹೆಪಾರಿನ್ ಲೇಬಲ್ಲಿನಲ್ಲಿ ಓದಬೇಕಾದದ್ದು ‘ಪ್ರತಿ ಮಿ.ಲೀ.ಗೆ’ ಎಂಬ ಅಂಕಿಯನ್ನು, ವಯಲಿನ ಒಟ್ಟು ಯೂನಿಟ್ಟನ್ನಲ್ಲ.

ಮುಂದಿನ ಪ್ರಶ್ನೆ ಹೀಗೆ ಬರಬಹುದು: ಎಪಿಟಿಟಿ ಕಡಿಮೆ ಬಂದಿದೆ, ಪ್ರತಿ ಕೆ.ಜಿ.ಗೆ ಗಂಟೆಗೆ 2 ಯೂನಿಟ್ ಹೆಚ್ಚಿಸಿ, ಹೊಸ ವೇಗ ಎಷ್ಟು? ಬಹಳ ಜನ 24.5ಕ್ಕೆ 2 ಸೇರಿಸಿ 26.5 ಎಂದು ಬರೆಯುತ್ತಾರೆ. ಆದರೆ ಆ 2 ಯೂನಿಟ್, ಮಿ.ಲೀ. ಅಲ್ಲ. ಸರಿಯಾದ ದಾರಿ ಹೊಸ ಡೋಸಿನಿಂದ ಮತ್ತೆ ಹೊರಡುವುದು: 20 × 68 = 1360 ಯೂನಿಟ್, 50ರಿಂದ ಭಾಗಿಸಿದರೆ ಗಂಟೆಗೆ 27.2 ಮಿ.ಲೀ. ಹೆಪಾರಿನ್ ಹಾಳೆಯ ಕೆಳಭಾಗದಲ್ಲಿ ಬರೆಯಬೇಕಾದದ್ದು: ಆಂಟಿಥ್ರಾಂಬಿನ್ ಮೂಲಕ ಕೆಲಸ ಮಾಡುತ್ತದೆ, ನಿಗಾ ಎಪಿಟಿಟಿಯಿಂದ, ಪ್ರತ್ಯೌಷಧ ಪ್ರೋಟಮೀನ್, ಪ್ಲೇಟ್‌ಲೆಟ್ ಎಣಿಕೆ ಕುಸಿಯುವ ಅಪಾಯ ಸಾಮಾನ್ಯವಾಗಿ ಐದನೇ ದಿನದಿಂದ ಹತ್ತನೇ ದಿನದ ನಡುವೆ.

ಪುಡಿಯಾಗಿ ಬರುವ ಇಂಜೆಕ್ಷನ್ನಿನಲ್ಲೂ ‘ಪ್ರತಿ ಮಿ.ಲೀ.’ಯೇ ಮೋಸ ಮಾಡುತ್ತದೆ. ಆಂಪಿಸಿಲಿನ್ 500 ಮಿಲಿಗ್ರಾಂ ವಯಲಿಗೆ 1.8 ಮಿ.ಲೀ. ನೀರು ಸೇರಿಸಿದರೆ ಪ್ರತಿ ಮಿ.ಲೀ.ಗೆ 250 ಮಿಲಿಗ್ರಾಂ ಆಗುತ್ತದೆ ಎಂದು ಲೇಬಲ್ ಹೇಳುತ್ತದೆ, ಏಕೆಂದರೆ ಪುಡಿಯೂ ಜಾಗ ತೆಗೆದುಕೊಂಡು ಒಟ್ಟು 2 ಮಿ.ಲೀ. ಆಗುತ್ತದೆ. 400 ಮಿಲಿಗ್ರಾಂ ಬೇಕಾದರೆ 400 ÷ 250 = 1.6 ಮಿ.ಲೀ. ಹಾಕಿದ ನೀರನ್ನೇ ಹಿಡಿದು 500ನ್ನು 1.8ರಿಂದ ಭಾಗಿಸಿದವರು 1.44 ಮಿ.ಲೀ. ಎಳೆಯುತ್ತಾರೆ, ರೋಗಿಗೆ ಸಿಗುವುದು 360 ಮಿಲಿಗ್ರಾಂ. ಕರಗಿಸಿದ ಮೇಲಿನ ಸಾಂದ್ರತೆ ಪ್ರಶ್ನೆಯಲ್ಲೇ ಇದ್ದರೆ, ಹಾಕಿದ ನೀರಿನ ಅಂಕಿಗೆ ಲೆಕ್ಕದಲ್ಲಿ ಕೆಲಸವಿಲ್ಲ. ಮಕ್ಕಳ ಡೋಸಿನಲ್ಲಿ ಇನ್ನೊಂದು ‘ಪ್ರತಿ’ ಅಡಗಿರುತ್ತದೆ, ‘ಪ್ರತಿ ದಿನಕ್ಕೆ’. 16 ಕೆ.ಜಿ. ಮಗುವಿಗೆ ಅಮಾಕ್ಸಿಸಿಲಿನ್ ಪ್ರತಿ ಕೆ.ಜಿ.ಗೆ ದಿನಕ್ಕೆ 45 ಮಿಲಿಗ್ರಾಂ, ಎರಡು ಪಾಲಾಗಿ ಎಂದರೆ ದಿನಕ್ಕೆ 720, ಒಂದು ಸಲಕ್ಕೆ 360. 5 ಮಿ.ಲೀ.ಗೆ 250 ಮಿಲಿಗ್ರಾಂ ಸಿರಪ್ಪಿನಲ್ಲಿ ಅದು 7.2 ಮಿ.ಲೀ. ಪಾಲು ಮಾಡಲು ಮರೆತರೆ ಪ್ರತಿ ಸಲವೂ ಇಡೀ ದಿನದ ಔಷಧ ಹೋಗುತ್ತದೆ.

ಹನಿಗಳ ಲೆಕ್ಕಕ್ಕೆ ಹೆಚ್ಚು ಹೊತ್ತು ಬೇಡ. 1 ಲೀಟರ್ 8 ಗಂಟೆಯಲ್ಲಿ, ಐವಿ ಸೆಟ್ ಪ್ರತಿ ಮಿ.ಲೀ.ಗೆ 20 ಹನಿ ಎಂದರೆ: ಗಂಟೆಗೆ 125 ಮಿ.ಲೀ., 125 × 20 ÷ 60 = 41.67, ನಿಮಿಷಕ್ಕೆ 42 ಹನಿ. ಅರ್ಧ ಹನಿ ಎಣಿಸಲಾಗದು, ಆದ್ದರಿಂದ ಪೂರ್ಣಾಂಕ. ಮೈಕ್ರೊ ಡ್ರಿಪ್ ಸೆಟ್ಟಿನಲ್ಲಿ ಪ್ರತಿ ಮಿ.ಲೀ.ಗೆ 60 ಹನಿ ಇರುವುದರಿಂದ ಗಂಟೆಯ ಮಿ.ಲೀ.ಯೇ ನಿಮಿಷದ ಹನಿ. ದುಂಡುಮಾಡುವುದು ಕೊನೆಯ ಸಾಲಿನಲ್ಲಿ ಮಾತ್ರ ಇರಲಿ. ಇದೇ ಲೆಕ್ಕದಲ್ಲಿ 125ನ್ನು ಮೊದಲು 60ರಿಂದ ಭಾಗಿಸಿ 2.08ನ್ನು 2 ಎಂದು ದುಂಡುಮಾಡಿದರೆ ಉತ್ತರ 40 ಹನಿಗೆ ಬೀಳುತ್ತದೆ. ಎಷ್ಟು ದಶಾಂಶದವರೆಗೆ ಬರೆಯಬೇಕು ಎಂಬ ಸೂಚನೆ ಪ್ರಶ್ನೆಪತ್ರಿಕೆಯಲ್ಲಿ ಇದ್ದರೆ ಅದೇ ಅಂತಿಮ.

ಬರೆಯುವ ರೀತಿಗೂ ಅಂಕವಿದೆ, ವಾರ್ಡಿನಲ್ಲಿ ಅದರಿಂದ ಜೀವ ಉಳಿಯುತ್ತದೆ. ಅರ್ಧ ಮಿಲಿಗ್ರಾಂ ಎಂದರೆ 0.5, ಬಿಂದುವಿನ ಮುಂದೆ ಸೊನ್ನೆ ಬೇಕು, ಇಲ್ಲದಿದ್ದರೆ ಬಿಂದು ಮಸುಕಾಗಿ 5 ಎಂದು ಓದುತ್ತಾರೆ. ಐದಕ್ಕೆ 5 ಎಂದಷ್ಟೇ ಬರೆಯಿರಿ, 5.0 ಬೇಡ, ಅದು 50 ಆಗುತ್ತದೆ. ಯೂನಿಟ್ ಎಂಬುದನ್ನು ಪೂರ್ತಿ ಬರೆಯಿರಿ, U ಎಂದು ಬರೆದರೆ ಸೊನ್ನೆಯಂತೆ ಕಾಣುತ್ತದೆ. ಮೈಕ್ರೊಗ್ರಾಂಗೆ mcg ಎನ್ನಿ, ಕೈಬರಹದ µg ಅನ್ನು mg ಎಂದು ಓದುವುದು ಸುಲಭ.

ಮೂರು ವಾರವನ್ನು ಹೀಗೆ ಬಳಸಿ. ಮೊದಲ ವಾರ ಕ್ಯಾಲ್ಕುಲೇಟರ್ ಇಲ್ಲದೆ, ದಿನಕ್ಕೆ ಐದಾರು ಲೆಕ್ಕ, ಪ್ರತಿಯೊಂದನ್ನೂ ಹಿಂದಕ್ಕೆ ನಡೆದು ತಾಳೆ ನೋಡಿ. ಎರಡನೇ ವಾರ ಬೆರೆಸಿದ ಲೆಕ್ಕಗಳು, ಜೊತೆಗೆ ದಿನಕ್ಕೆ ಎರಡು ಔಷಧದ ಹಾಳೆ. ಈ ಹೊತ್ತಿಗೆ ತಪ್ಪಿದ ಲೆಕ್ಕಗಳ ಪಕ್ಕದಲ್ಲಿ ಕಾರಣ ಬರೆದಿಡಿ: ತೂಕ ಬಿಟ್ಟೆ, 60 ಬಿಟ್ಟೆ, ಮಿಲಿಗ್ರಾಂ ಬದಲಿಸಲಿಲ್ಲ, ದಿನವನ್ನು ಪಾಲು ಮಾಡಲಿಲ್ಲ. ನಾಲ್ಕೈದು ದಿನದಲ್ಲಿ ಒಂದೇ ಕಾರಣ ಮತ್ತೆ ಮತ್ತೆ ಬರುವುದು ಕಾಣುತ್ತದೆ, ಮೂರನೇ ವಾರವನ್ನು ಅದಕ್ಕೇ ಮೀಸಲಿಡಿ, ಗಡಿಯಾರ ಇಟ್ಟುಕೊಂಡು.

ಈಗಲೇ ಒಂದನ್ನು ಮಾಡಿ ನೋಡಿ. ನಾರ್‌ಅಡ್ರಿನಲಿನ್ 4 ಮಿಲಿಗ್ರಾಂ ಒಟ್ಟು 50 ಮಿ.ಲೀ.ಯಲ್ಲಿದೆ, ರೋಗಿಯ ತೂಕ 64 ಕೆ.ಜಿ., ಆರ್ಡರ್ ಪ್ರತಿ ಕೆ.ಜಿ.ಗೆ ಪ್ರತಿ ನಿಮಿಷಕ್ಕೆ 0.1 ಮೈಕ್ರೊಗ್ರಾಂ. ನಿಮ್ಮ ಉತ್ತರ ಗಂಟೆಗೆ 4.8 ಮಿ.ಲೀ. ಬರಬೇಕು, ಸಿರಿಂಜ್ ಹತ್ತು ಗಂಟೆಗಿಂತ ಸ್ವಲ್ಪ ಹೆಚ್ಚು ನಡೆಯಬೇಕು. 0.08 ಬಂದಿದ್ದರೆ ನಿಮಿಷವನ್ನು ಗಂಟೆ ಮಾಡಿಲ್ಲ, 0.075 ಬಂದಿದ್ದರೆ ತೂಕ ಸೇರಿಸಿಲ್ಲ, 4800 ಬಂದಿದ್ದರೆ ಮಿಲಿಗ್ರಾಂ ಅನ್ನು ಮೈಕ್ರೊಗ್ರಾಂ ಮಾಡಿಲ್ಲ.